ತೀರ್ಪುಗಾರರ ಪರಿಚಯ ಮೂರೇ ಸಾಲಲ್ಲಿ: ಕಥಾಸ್ಪರ್ಧೆಯ ಪ್ರಕಟಣೆಗೆ ಬರೆಯುವ ಬಗೆ

ಕಥಾಸ್ಪರ್ಧೆಯ ಪ್ರಕಟಣೆ ಮೊಬೈಲಿಗೆ ಬಂದಾಗ ಬರೆಯುವವರು ಮೊದಲು ಹುಡುಕುವುದು ಮೂರು ವಿಷಯ. ಕೊನೆಯ ದಿನಾಂಕ ಯಾವಾಗ, ಬಹುಮಾನ ಎಷ್ಟು, ತೀರ್ಪುಗಾರರು ಯಾರು. ಮೊದಲ ಎರಡು ಅಂಕಿಗಳು, ಬರೆದರೆ ಮುಗಿಯಿತು. ಮೂರನೆಯದು ಹಾಗಲ್ಲ. ಹೆಸರು ಗೊತ್ತಿದ್ದವರಿಗೆ ಹೆಸರೇ ಸಾಕು, ಆದರೆ ಹೊಸದಾಗಿ ಬರೆಯುವ ಹುಡುಗಿಗೋ ಹುಡುಗನಿಗೋ ಆ ಹೆಸರು ಗೊತ್ತಿರಲೇಬೇಕು ಅಂತೇನಿಲ್ಲ. ಅವರ ತಲೆಯಲ್ಲಿ ಓಡುವ ಪ್ರಶ್ನೆ ಒಂದೇ: ಇವರು ನನ್ನ ಕಥೆಯನ್ನು ಸರಿಯಾಗಿ ಓದುತ್ತಾರಾ?

ಹೆಸರಿನ ಕೆಳಗೆ ಬರುವ ಎರಡು ಮೂರು ಸಾಲು ಈ ಪ್ರಶ್ನೆಗೆ ಉತ್ತರ ಕೊಡಬೇಕು. ಅದು ತೀರ್ಪುಗಾರರ ಜೀವನಚರಿತ್ರೆ ಅಲ್ಲ, ಸನ್ಮಾನಪತ್ರವೂ ಅಲ್ಲ. ನಾನು ಕೆಲವು ವರ್ಷಗಳಿಂದ ನಮ್ಮ ಓದುಗರ ಬಳಗದ ಕಥಾಸ್ಪರ್ಧೆಗೆ ಪ್ರಕಟಣೆ ಬರೆಯುತ್ತಾ ಬಂದಿದ್ದೇನೆ. ಇಡೀ ಪ್ರಕಟಣೆಯಲ್ಲಿ ನನಗೆ ಜಾಸ್ತಿ ಹೊತ್ತು ಹಿಡಿಯುವುದು ಈ ಮೂರು ಸಾಲೇ. ಹೇಗೆ ಮಾಡುತ್ತೇನೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಒಪ್ಪಿಗೆ, ಆಮೇಲೆ ಪರಿಚಯ

ತೀರ್ಪುಗಾರರು "ಆಗಲಿ" ಅಂದಿದ್ದಾರೆ ಅನ್ನುವುದು ಖಚಿತವಾಗುವ ತನಕ ಏನನ್ನೂ ಬರೆಯಬೇಡಿ. ಫೋನಿನಲ್ಲಿ "ನೋಡೋಣ" ಅಂದರೆ ಅದು ಒಪ್ಪಿಗೆ ಅಲ್ಲ. ಎಷ್ಟು ಕಥೆ ಬರಬಹುದು, ಎಷ್ಟು ದಿನದಲ್ಲಿ ಓದಿ ಮುಗಿಸಬೇಕು, ಎಲ್ಲಾ ಕಥೆಗಳನ್ನೂ ಅವರೇ ಓದುತ್ತಾರಾ ಅಥವಾ ಬಳಗದವರು ಮೊದಲ ಸುತ್ತಿನಲ್ಲಿ ಆರಿಸಿದ್ದನ್ನು ಮಾತ್ರವಾ, ಇದಿಷ್ಟನ್ನೂ ಹೇಳಿ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ವಾಟ್ಸಾಪ್‌ನಲ್ಲಿ ಒಂದು ಸಾಲು ಬಂದರೂ ಸಾಕು. ಅವರು ಓದುವುದು ಕೊನೆಯ ಸುತ್ತಿನ ಕಥೆಗಳನ್ನು ಮಾತ್ರ ಅಂತಾದರೆ ಪ್ರಕಟಣೆಯಲ್ಲಿ "ಅಂತಿಮ ಸುತ್ತಿನ ತೀರ್ಪುಗಾರರು" ಅಂತಲೇ ಬರೆಯಿರಿ. ಸುಮ್ನೆ "ತೀರ್ಪುಗಾರರು" ಅಂತ ಹಾಕಿದರೆ ಕಥೆ ಕಳಿಸಿದ ಪ್ರತಿಯೊಬ್ಬರೂ ತಮ್ಮ ಕಥೆ ಅವರ ಕೈಗೇ ಹೋಗಿದೆ ಅಂದುಕೊಳ್ಳುತ್ತಾರೆ.

ಒಪ್ಪಿಗೆ ಸಿಕ್ಕಿದ ಮೇಲೆ "ಸರ್, ನಿಮ್ಮ ಪರಿಚಯ ಕಳಿಸಿ" ಅಂತ ಕೇಳುವುದು ರೂಢಿ. ಕೇಳಿ, ಆದರೆ ಅಷ್ಟಕ್ಕೇ ಬಿಡಬೇಡಿ. ಹಾಗೆ ಕೇಳಿದಾಗ ಬರುವುದು ಯಾವುದೋ ಸಮ್ಮೇಳನದ ಸ್ಮರಣ ಸಂಚಿಕೆಗೆ ಬರೆದುಕೊಟ್ಟ ಎರಡು ಪುಟ. ಹುಟ್ಟಿದ ಊರು, ತಂದೆ ತಾಯಿ ಹೆಸರು, ಓದಿದ ಶಾಲೆ, ಮೂವತ್ತು ಸನ್ಮಾನಗಳ ಪಟ್ಟಿ ಎಲ್ಲಾ ಇರುತ್ತದೆ, ನಿಮಗೆ ಬೇಕಾದ ಒಂದು ವಿಷಯ ಮಾತ್ರ ಇರುವುದಿಲ್ಲ. ಅದಕ್ಕೇ ಹತ್ತು ನಿಮಿಷ ಫೋನ್ ಮಾಡಿ. ನಾನು ಮೂರು ಪ್ರಶ್ನೆ ಕೇಳುತ್ತೇನೆ. ಕಥೆಯಲ್ಲಿ ನಿಮ್ಮ ಕೆಲಸ ಯಾವುದು, ಬೇರೆ ಪ್ರಕಾರ ಬಿಟ್ಟು ಕಥೆ ಮಾತ್ರ? ಬೇರೆಯವರ ಕಥೆಗಳನ್ನು ಓದಿ ಆರಿಸುವ ಕೆಲಸ ಎಲ್ಲಿ, ಎಷ್ಟು ಕಾಲ ಮಾಡಿದ್ದೀರಿ? ನಮ್ಮ ಸ್ಪರ್ಧೆಗೆ ಬರೆಯುವಂಥವರ ಜೊತೆ ನಿಮಗೆ ಒಡನಾಟ ಇದೆಯಾ?

ಎರಡನೆಯ ಪ್ರಶ್ನೆಗೇ ಜಾಸ್ತಿ ತೂಕ. ಯಾಕೆ ಅಂದರೆ ಚೆನ್ನಾಗಿ ಬರೆಯುವುದು ಬೇರೆ, ಬೇರೆಯವರು ಬರೆದದ್ದರಲ್ಲಿ ಚೆನ್ನಾಗಿರುವುದನ್ನು ಗುರುತಿಸುವುದು ಬೇರೆ. ಪುರವಣಿಯ ಸಂಪಾದಕರಾಗಿ ವಾರವಾರವೂ ಕಥೆ ಆರಿಸಿದವರು, ಸಂಕಲನಕ್ಕಾಗಿ ನೂರಾರು ಕಥೆ ಓದಿ ಇಪ್ಪತ್ತನ್ನು ಉಳಿಸಿಕೊಂಡವರು, ಹಿಂದೆ ಇಂಥದೇ ಸ್ಪರ್ಧೆಗೆ ತೀರ್ಪು ಕೊಟ್ಟವರು, ಇವರೆಲ್ಲ ತೀರ್ಪುಗಾರರ ಕೆಲಸವನ್ನು ಆಗಲೇ ಮಾಡಿ ತೋರಿಸಿದವರು. ಆದರೂ ಕೇಳದೆ ಯಾರೂ ಇದನ್ನು ಹೇಳುವುದಿಲ್ಲ. ಅದು ಪ್ರಶಸ್ತಿ ಅಲ್ಲವಲ್ಲ, ಹಾಗಾಗಿ ಪಟ್ಟಿಗೆ ಬರುವುದಿಲ್ಲ.

ಒಂದು ಉದಾಹರಣೆ ಹಿಡಿದು ನೋಡೋಣ

ಒಬ್ಬ ತೀರ್ಪುಗಾರರನ್ನು ಕಲ್ಪಿಸಿಕೊಳ್ಳಿ. ಸಾಗರ ತಾಲ್ಲೂಕಿನ ಹಳ್ಳಿಯವರು. ಕನ್ನಡ ಎಂ.ಎ. ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ನಾಲ್ಕು ಕಥಾಸಂಕಲನ, ಒಂದು ಕವನ ಸಂಕಲನ, ಎರಡು ಮಕ್ಕಳ ನಾಟಕ. ಮೂರನೆಯ ಕಥಾಸಂಕಲನಕ್ಕೆ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನ. ತಾಲ್ಲೂಕು ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. ಹನ್ನೆರಡು ಸನ್ಮಾನ. ನಡುವೆ ಆರು ವರ್ಷ ಒಂದು ದಿನಪತ್ರಿಕೆಯ ಭಾನುವಾರದ ಪುರವಣಿಗೆ ಕಥೆ ಆರಿಸಿಕೊಟ್ಟಿದ್ದಾರೆ. ನಮ್ಮ ಸ್ಪರ್ಧೆ ಇನ್ನೂ ಒಂದೂ ಪುಸ್ತಕ ತಂದಿರದ ಹೊಸಬರಿಗೆ ಅಂತಿಟ್ಟುಕೊಳ್ಳೋಣ.

ಸಾಮಾನ್ಯವಾಗಿ ಕರಪತ್ರದಲ್ಲಿ ಬರುವುದು ಹೀಗೆ:

> ನಾಡಿನ ಖ್ಯಾತ ಸಾಹಿತಿಗಳು, ಬಹುಮುಖ ಪ್ರತಿಭೆ. ಕನ್ನಡ ಸಾರಸ್ವತ ಲೋಕಕ್ಕೆ ಅಪಾರ ಕೊಡುಗೆ ನೀಡಿರುವ ಇವರು ಹಲವಾರು ಪ್ರಶಸ್ತಿ ಪುರಸ್ಕಾರಗಳಿಗೆ ಭಾಜನರಾಗಿದ್ದು, ಸರಳ ಸಜ್ಜನಿಕೆಯ ವ್ಯಕ್ತಿತ್ವದಿಂದ ಎಲ್ಲರ ಮನ ಗೆದ್ದಿದ್ದಾರೆ.

ಇದರಲ್ಲಿ ಸುಳ್ಳು ಏನೂ ಇಲ್ಲದಿರಬಹುದು. ಆದರೆ ಮೇಲಿನ ಹೆಸರು ತೆಗೆದು ಬೇರೆ ಯಾರ ಹೆಸರು ಹಾಕಿದರೂ ಇದು ಹೊಂದುತ್ತದೆ. ಅವರು ಕಥೆಗಾರರಾ, ಕವಿಯಾ, ವಿಮರ್ಶಕರಾ ಅನ್ನುವುದೂ ಗೊತ್ತಾಗುವುದಿಲ್ಲ. "ಖ್ಯಾತ" ಅಂತ ಬರೆಯಬೇಕಾಗಿ ಬಂದಿದೆ ಅಂದರೆ ಓದುವವರಿಗೆ ಅವರು ಗೊತ್ತಿಲ್ಲ ಅಂತ ನಾವೇ ಒಪ್ಪಿಕೊಂಡ ಹಾಗೆ. "ಹಲವಾರು" ಇನ್ನೂ ಕಷ್ಟ, ಅದು ಎರಡೂ ಆಗಬಹುದು, ಇಪ್ಪತ್ತೂ ಆಗಬಹುದು.

ಈಗ ತೆಗೆಯಬೇಕಾದ್ದನ್ನು ತೆಗೆಯೋಣ. ಹುಟ್ಟಿದ ಊರು ಬೇಡ, ಸ್ಪರ್ಧೆ ಮಲೆನಾಡಿನ ಬದುಕಿನ ಕಥೆಗಳದ್ದೇ ಆಗಿದ್ದರೆ ಮಾತ್ರ ಇರಲಿ. ಎಂ.ಎ. ಬೇಡ. ಕವನ, ನಾಟಕ ಒಳ್ಳೆಯ ಕೆಲಸವೇ, ಆದರೆ ಇದು ಕಥಾಸ್ಪರ್ಧೆ. ಮೂವತ್ತು ವರ್ಷದ ಅಧ್ಯಾಪನ ಬಿಡುವಾಗ ನನಗೆ ಮನಸ್ಸು ಬರುವುದಿಲ್ಲ, ಅದು ಅವರ ಆಯುಷ್ಯದ ದೊಡ್ಡ ಭಾಗ ಅಲ್ವಾ, ಆದರೂ ಕಥೆ ಕಳಿಸುವವರ ಪ್ರಶ್ನೆಗೆ ಅದು ಉತ್ತರ ಅಲ್ಲ. ಸನ್ಮಾನಗಳು ಪೂರ್ತಿ ಬೇಡ. ಸಮ್ಮೇಳನದ ಅಧ್ಯಕ್ಷತೆ ಗೌರವದ ವಿಷಯ, ಅದನ್ನು ಬಹುಮಾನ ವಿತರಣೆಯ ದಿನ ಸ್ವಾಗತ ಭಾಷಣದಲ್ಲಿ ತುಂಬು ಮನಸ್ಸಿನಿಂದ ಹೇಳಿ.

ಉಳಿದದ್ದು ಮೂರು. ಕಥಾಸಂಕಲನ, ಅಕಾಡೆಮಿ ಬಹುಮಾನ, ಪುರವಣಿಯ ಆರು ವರ್ಷ. ಇಲ್ಲಿ ಫೋನಿನ ಮೂರನೆಯ ಪ್ರಶ್ನೆ ಉಪಯೋಗಕ್ಕೆ ಬರುತ್ತದೆ. "ಪುರವಣಿಗೆ ಹೊಸಬರು ಬರೀತಿದ್ರಾ ಸರ್?" ಅಂತ ಕೇಳಿದರೆ ಅವರು ನೆನಪು ಮಾಡಿಕೊಂಡು, ಮೊದಲ ಕಥೆ ನಾವೇ ಹಾಕಿದ್ದು, ಈಗ ಅವರದ್ದೇ ಸಂಕಲನ ಬಂದಿದೆ ಅಂತ ಒಂದೊಂದೇ ಹೆಸರು ಹೇಳುತ್ತಾರೆ. ಬರೆದುಕೊಳ್ಳಿ. ಎಂಟು ಹೆಸರು ಆಯಿತು ಅಂದುಕೊಳ್ಳೋಣ. ಆಗ ಪರಿಚಯ ಹೀಗಾಗುತ್ತದೆ:

> ಕಥೆಗಾರರು. ನಾಲ್ಕು ಕಥಾಸಂಕಲನಗಳು ಪ್ರಕಟವಾಗಿದ್ದು, ಮೂರನೆಯದಕ್ಕೆ 2012ನೇ ಸಾಲಿನ ಕರ್ನಾಟಕ ಸಾಹಿತ್ಯ ಅಕಾಡೆಮಿ ಪುಸ್ತಕ ಬಹುಮಾನ ಬಂದಿದೆ. ದಿನಪತ್ರಿಕೆಯ ಭಾನುವಾರದ ಪುರವಣಿಗೆ ಆರು ವರ್ಷ ಕಥೆಗಳನ್ನು ಆರಿಸಿದ್ದಾರೆ. ಆ ಪುಟದಲ್ಲಿ ಮೊದಲ ಕಥೆ ಅಚ್ಚಾದ ಎಂಟು ಮಂದಿ ಈಗ ಸ್ವಂತ ಸಂಕಲನ ತಂದಿದ್ದಾರೆ.

ಒಟ್ಟು 31 ಪದ. ನೀವು ಬರೆಯುವಾಗ ಪತ್ರಿಕೆಯ ಹೆಸರನ್ನೂ ಸಂಕಲನದ ಹೆಸರನ್ನೂ ಹಾಕಿ, ಆಗ ಬೇಕಾದವರು ಹುಡುಕಿ ನೋಡಬಹುದು. ಹೀಗೆ ಹುಡುಕಿ ನೋಡಬಹುದಾದ ಮಾತುಗಳೇ ನಂಬಿಕೆ ಹುಟ್ಟಿಸುವುದು. ಕೊನೆಯ ವಾಕ್ಯ ನೋಡಿ, ಅದರಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ. ಆದರೆ ಇನ್ನೂ ಪುಸ್ತಕ ತಂದಿರದ ಹುಡುಗಿ ಅದನ್ನು ಓದಿದಾಗ ಅವಳಿಗೆ ತನ್ನ ಕಥೆ ಎಲ್ಲಿಗೆ ಹೋಗುತ್ತದೆ ಅನ್ನುವುದು ಕಾಣುತ್ತದೆ.

ಅಳತೆಯ ಬಗ್ಗೆ ಒಂದು ಮಾತು. ಫೋಟೊ ಪಕ್ಕದಲ್ಲಿ ಮೂರು ನಾಲ್ಕು ಸಾಲು ಕೂರಬೇಕಾದರೆ ಕನ್ನಡದಲ್ಲಿ 30 ರಿಂದ 35 ಪದ ಸಾಕು. "ಪ್ರಕಟವಾಗಿದ್ದು", "ಕಥಾಸಂಕಲನಗಳು" ಅನ್ನುವಂಥ ಪದಗಳು ಅರ್ಧ ಸಾಲು ತಿನ್ನುತ್ತವೆ, ಹಾಗಾಗಿ ಇಂಗ್ಲಿಷ್ ಪೋಸ್ಟರ್ ನೋಡಿ 50 ಪದ ಅಂತ ಲೆಕ್ಕ ಹಾಕಿದರೆ ಜಾಗ ಸಾಲುವುದಿಲ್ಲ. ವಾಟ್ಸಾಪ್ ಸಂದೇಶ ಉದ್ದವಾದರೆ ಉಳಿದದ್ದು ಮಡಚಿಕೊಳ್ಳುತ್ತದೆ, ಒತ್ತಿದರೆ ಮಾತ್ರ ತೆರೆಯುತ್ತದೆ. ಅದರ ಒಳಗೆ ಕೊನೆಯ ದಿನಾಂಕ ಸೇರಿಹೋದರೆ ಕಷ್ಟ. ಇನ್ನೊಂದು, ಹೆಸರು ಮೇಲೆ ದಪ್ಪಕ್ಷರದಲ್ಲಿ ಇರುತ್ತದೆ, ಆದ್ದರಿಂದ ಪರಿಚಯದ ಒಳಗೆ ಮತ್ತೆ ಹೆಸರು ಬರೆಯಬೇಕಿಲ್ಲ.

ಪ್ರಶಸ್ತಿಯ ಹೆಸರು: ಇಲ್ಲೇ ತಪ್ಪುವುದು ಜಾಸ್ತಿ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನೇ ಇಲ್ಲಿ ದೊಡ್ಡ ತಪ್ಪು ಮಾಡಿದ್ದೇನೆ. ಒಂದು ವರ್ಷ ತೀರ್ಪುಗಾರರ ಪರಿಚಯದಲ್ಲಿ "ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪುರಸ್ಕೃತರು" ಅಂತ ಬರೆದೆ. ಅವರಿಗೆ ಬಂದಿದ್ದು ರಾಜ್ಯ ಅಕಾಡೆಮಿಯ ಪುಸ್ತಕ ಬಹುಮಾನ. ಪೋಸ್ಟರ್ ಅಚ್ಚಾಗಿ ಕಾಲೇಜುಗಳಿಗೆ ಹೋದ ಮೇಲೆ ಅವರೇ ಫೋನ್ ಮಾಡಿ, "ನಾನು ಹೇಳದ ಪ್ರಶಸ್ತಿ ನನಗೆ ಯಾಕೆ ಕೊಟ್ರಿ, ಜನ ನಾನೇ ಹೇಳಿಕೊಂಡೆ ಅಂದುಕೊಳ್ತಾರೆ" ಅಂತ ಬೇಸರ ಮಾಡಿಕೊಂಡರು. ಅವರ ಮಾತು ಸರಿ ಇತ್ತು. ತಪ್ಪು ಮಾಡಿದ್ದು ನಾನು, ಹೆಸರು ಹಾಳಾಗುವುದು ಅವರದ್ದು.

ಗೊಂದಲ ಎಲ್ಲಿ ಅಂದರೆ, "ಸಾಹಿತ್ಯ ಅಕಾಡೆಮಿ" ಅನ್ನುವ ಹೆಸರಿನಲ್ಲಿ ನಮಗೆ ಎರಡು ಸಂಸ್ಥೆಗಳಿವೆ. ಒಂದು ದೆಹಲಿಯ ಕೇಂದ್ರ ಸಾಹಿತ್ಯ ಅಕಾಡೆಮಿ, 1954ರಲ್ಲಿ ಶುರುವಾದದ್ದು. ಇನ್ನೊಂದು ಬೆಂಗಳೂರಿನ ಕರ್ನಾಟಕ ಸಾಹಿತ್ಯ ಅಕಾಡೆಮಿ. ಕೇಂದ್ರದ್ದರಲ್ಲೇ ಬೇರೆ ಬೇರೆ ಇವೆ: ಮುಖ್ಯ ಪ್ರಶಸ್ತಿ, ಅನುವಾದ ಪ್ರಶಸ್ತಿ, ಬಾಲ ಸಾಹಿತ್ಯ ಪುರಸ್ಕಾರ, 35 ವರ್ಷದೊಳಗಿನವರಿಗೆ ಕೊಡುವ ಯುವ ಪುರಸ್ಕಾರ. ರಾಜ್ಯದ್ದರಲ್ಲಿ ಗೌರವ ಪ್ರಶಸ್ತಿ ಬೇರೆ, ಪುಸ್ತಕ ಬಹುಮಾನ ಬೇರೆ. ಗೌರವ ಪ್ರಶಸ್ತಿ ಒಟ್ಟು ಸಾಹಿತ್ಯ ಸೇವೆಗೆ, ಪುಸ್ತಕ ಬಹುಮಾನ ಒಂದು ಪುಸ್ತಕಕ್ಕೆ. ಇದಲ್ಲದೆ ದತ್ತಿ ಬಹುಮಾನಗಳು ಇವೆ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಕೂಡ ದತ್ತಿ ಪ್ರಶಸ್ತಿಗಳನ್ನು ಕೊಡುತ್ತದೆ, ಅದನ್ನೂ ಅವಸರದಲ್ಲಿ "ಅಕಾಡೆಮಿ" ಅಂತ ಬರೆದುಬಿಡುವವರಿದ್ದಾರೆ. ರಾಜ್ಯೋತ್ಸವ ಪ್ರಶಸ್ತಿ ಸರ್ಕಾರ ಕೊಡುವುದು, ಅದೇ ಬೇರೆ. ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿಯನ್ನು "ರಾಜ್ಯೋತ್ಸವ ಪ್ರಶಸ್ತಿ" ಅಂತಷ್ಟೇ ಬರೆದರೆ ಅದೂ ತಪ್ಪು.

ಹಾಗಾಗಿ ಪ್ರಶಸ್ತಿ ಬರೆಯುವಾಗ ಯಾರು ಕೊಟ್ಟದ್ದು, ಯಾವುದು, ಯಾವ ಸಾಲಿನದ್ದು, ಯಾವ ಕೃತಿಗೆ, ಈ ನಾಲ್ಕನ್ನೂ ಗೊತ್ತು ಮಾಡಿಕೊಳ್ಳಿ. "ಸಾಲಿನ" ಅನ್ನುವ ಪದವನ್ನು ಬಿಡಬೇಡಿ. ಪುಸ್ತಕ ಬಹುಮಾನ ಆ ವರ್ಷ ಅಚ್ಚಾದ ಪುಸ್ತಕಕ್ಕೆ ಬರುತ್ತದೆ, ಆದರೆ ಘೋಷಣೆ ಆಗುವುದು ಆಮೇಲಿನ ವರ್ಷದಲ್ಲಿ. "2012ರಲ್ಲಿ ಪಡೆದರು" ಅಂತ ಬರೆದರೆ ತಪ್ಪಾಗಬಹುದು, "2012ನೇ ಸಾಲಿನ" ಅಂದರೆ ತಪ್ಪಾಗುವುದಿಲ್ಲ. ಪ್ರಶಸ್ತಿ ಪತ್ರದ ಫೋಟೊ ಕಳಿಸಿ ಅಂತ ಕೇಳಲು ಸಂಕೋಚ ಬೇಡ. "ಅಕ್ಷರ ತಪ್ಪಾಗಬಾರದು ಅಂತ ಕೇಳ್ತಿದ್ದೇನೆ ಮೇಡಂ" ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ವಿಶೇಷಾಂಕಗಳ ಕಥಾಸ್ಪರ್ಧೆಗಳಲ್ಲೂ ಹೀಗೇ. ಮೊದಲ ಬಹುಮಾನ ಬೇರೆ, ಮೆಚ್ಚುಗೆ ಪಡೆದ ಕಥೆ ಬೇರೆ. ಮೆಚ್ಚುಗೆ ಪಡೆದದ್ದನ್ನು "ಬಹುಮಾನ ವಿಜೇತ" ಅಂತ ಏರಿಸಬೇಡಿ. ಮೂರು ಸಾಲಿಗೆ ಒಂದೇ ಪ್ರಶಸ್ತಿ ಸಾಕು, ತೀರಾ ಆದರೆ ಎರಡು. ಕಥೆಗೆ ಬಂದ ಚಿಕ್ಕ ಬಹುಮಾನವೂ ಸಮಾಜಸೇವೆಗೆ ಬಂದ ದೊಡ್ಡ ಪ್ರಶಸ್ತಿಯೂ ಇದ್ದರೆ ನಾನು ಕಥೆಯದ್ದನ್ನೇ ಆರಿಸಿಕೊಳ್ಳುತ್ತೇನೆ.

ಪ್ರಶಸ್ತಿಯೇ ಇಲ್ಲದಿದ್ದರೆ

ಒಳ್ಳೆಯ ತೀರ್ಪುಗಾರರಲ್ಲಿ ಎಷ್ಟೋ ಮಂದಿಗೆ ಒಂದೂ ಪ್ರಶಸ್ತಿ ಬಂದಿರುವುದಿಲ್ಲ. ಆಗ ಸಂಘಟಕರಿಗೆ ಗಾಬರಿಯಾಗಿ "ಖ್ಯಾತ", "ಹಿರಿಯ", "ಚಿಂತಕ" ಎಲ್ಲಾ ಬಂದು ಸೇರಿಕೊಳ್ಳುತ್ತವೆ. ಬೇಡ. ಅವರು ಮಾಡಿದ ಕೆಲಸವನ್ನೇ ಹೇಳಿ. ಹಳ್ಳಿಯ ಪ್ರೌಢಶಾಲೆಯಲ್ಲಿ ಹದಿನೈದು ವರ್ಷ ಮಕ್ಕಳ ಗೋಡೆ ಪತ್ರಿಕೆ ನಡೆಸಿದ ಮೇಷ್ಟ್ರು ಮಕ್ಕಳ ಕಥಾಸ್ಪರ್ಧೆಗೆ ತೀರ್ಪುಗಾರರಾದರೆ, ಬರೆಯಬೇಕಾದ್ದು ಇಷ್ಟೇ: "ಪ್ರೌಢಶಾಲಾ ಶಿಕ್ಷಕರು. ಹದಿನೈದು ವರ್ಷದಿಂದ ಶಾಲೆಯಲ್ಲಿ ಮಕ್ಕಳ ಗೋಡೆ ಪತ್ರಿಕೆ ತರುತ್ತಿದ್ದಾರೆ. ಪ್ರತಿ ತಿಂಗಳು ಮಕ್ಕಳ ಜೊತೆ ಕೂತು ಅವರ ಕಥೆಗಳನ್ನು ಓದಿ ತಿದ್ದುತ್ತಾರೆ." ಇದಕ್ಕೆ ಯಾವ ವಿಶೇಷಣವೂ ಬೇಕಿಲ್ಲ. ಹದಿನೈದು ವರ್ಷ, ಪ್ರತಿ ತಿಂಗಳು, ಮಕ್ಕಳ ಜೊತೆ ಕೂತು. ಈ ಮೂರು ವಿವರ ಸಾಕು.

ಬೇರೆ ಸ್ಪರ್ಧೆಗಳಿಗೂ ಲೆಕ್ಕ ಇದೇ, ಗುರುತು ಮಾತ್ರ ಬೇರೆ. ಭಾವಗೀತೆ ಸ್ಪರ್ಧೆಯ ತೀರ್ಪುಗಾರರು ಆಕಾಶವಾಣಿಯ "ಎ" ಗ್ರೇಡ್ ಅಥವಾ "ಬಿ ಹೈ" ಗ್ರೇಡ್ ಕಲಾವಿದರಾಗಿದ್ದರೆ ಅದನ್ನು ಬರೆಯಲೇಬೇಕು, ಯಾಕೆಂದರೆ ಅದು ಧ್ವನಿ ಪರೀಕ್ಷೆ ಮಾಡಿ ಕೊಡುವ ಶ್ರೇಣಿ. ಆದರೆ ಯಾವ ಶ್ರೇಣಿ ಅನ್ನುವುದನ್ನು ಬಿಟ್ಟು "ಆಕಾಶವಾಣಿ ಕಲಾವಿದರು" ಅಂತ ಮಾತ್ರ ಬರೆದರೆ ಅರ್ಧ ಹೇಳಿದ ಹಾಗೆ. ಶ್ರೇಣಿಯನ್ನು ಅವರನ್ನೇ ಕೇಳಿ, ಊಹೆ ಮಾಡಬೇಡಿ.

ಹೆಸರಿನ ಮುಂದೆ ಹಿಂದೆ

"ಡಾ." ಹಾಕುವ ಮುಂಚೆ ಅದು ಪಿಎಚ್‌ಡಿಯದ್ದಾ, ವೈದ್ಯರಾಗಿರುವುದಕ್ಕಾ, ಗೌರವ ಡಾಕ್ಟರೇಟಾ ಅಂತ ತಿಳಿದುಕೊಳ್ಳಿ. ವೈದ್ಯರಾಗಿದ್ದು ಕಥೆ ಬರೆಯುವವರಾದರೆ "ವೃತ್ತಿಯಿಂದ ವೈದ್ಯರು" ಅಂತ ಎರಡು ಪದ ಸೇರಿಸಿ, ಇಲ್ಲದಿದ್ದರೆ ಓದುವವರು ಕನ್ನಡ ಪ್ರಾಧ್ಯಾಪಕರು ಅಂದುಕೊಳ್ಳುತ್ತಾರೆ. "ಶ್ರೀ ಡಾ." ಅಂತ ಎರಡೆರಡು ಬೇಡ. ನಿವೃತ್ತರಾದವರಿಗೆ "ಪ್ರಾಂಶುಪಾಲರು" ಅಂತ ಬರೆದರೆ ಈಗ ಆ ಕುರ್ಚಿಯಲ್ಲಿ ಇರುವವರಿಗೆ ಮುಜುಗರ, "ನಿವೃತ್ತ" ಸೇರಿಸಿ.

ಹೆಣ್ಣುಮಕ್ಕಳ ಪರಿಚಯದಲ್ಲಿ ನಾನು ಮತ್ತೆ ಮತ್ತೆ ನೋಡುವ ಒಂದು ವಿಷಯ ನನಗೆ ನಿಜಕ್ಕೂ ನೋವು ತರುತ್ತದೆ. "ಗೃಹಿಣಿಯಾಗಿದ್ದುಕೊಂಡೇ", "ಸಂಸಾರದ ಜವಾಬ್ದಾರಿಯ ನಡುವೆಯೂ" ಅಂತ ಶುರುವಾಗುತ್ತದೆ, ಪುಸ್ತಕಗಳ ವಿಷಯ ಬರುವಷ್ಟರಲ್ಲಿ ಮೂರು ಸಾಲು ಮುಗಿದಿರುತ್ತದೆ. ಪಕ್ಕದ ಗಂಡಸರ ಪರಿಚಯದಲ್ಲಿ ಅವರ ಸಂಸಾರದ ಸುದ್ದಿಯೇ ಇರುವುದಿಲ್ಲ. ಕೆಲಸದಿಂದಲೇ ಶುರು ಮಾಡಿ. "ಶ್ರೀಮತಿ" ಬೇಕಾ ಬೇಡವಾ, "ಕಥೆಗಾರ್ತಿ" ಅನ್ನಬೇಕಾ "ಕಥೆಗಾರರು" ಅನ್ನಬೇಕಾ ಅನ್ನುವುದನ್ನು ಅವರಿಗೇ ಬಿಡಿ. ಕ್ರಿಯಾಪದ ಎಲ್ಲರಿಗೂ ಬಹುವಚನದಲ್ಲೇ ಇರಲಿ: ಬರೆದಿದ್ದಾರೆ, ಆರಿಸಿದ್ದಾರೆ.

ತೀರ್ಪುಗಾರರು ಮೂವರಿದ್ದರೆ ಮೂವರಿಗೂ ಒಂದೇ ಅಳತೆ. ಹೆಸರುಗಳು ಅಕಾರಾದಿಯಲ್ಲಿ ಇರಲಿ.

ಇದು ಪರಿಚಯದಲ್ಲಿ ಬೇಡ

ತೀರ್ಪುಗಾರರ ಫೋನ್ ನಂಬರ್, ಇಮೇಲ್, ಮನೆ ವಿಳಾಸ ಹಾಕಬೇಡಿ. ಹಾಕಿದರೆ ಕಥೆಗಳು ನೇರ ಅವರಿಗೇ ಹೋಗುತ್ತವೆ, "ನನ್ನ ಕಥೆ ನೋಡಿದ್ರಾ" ಅಂತ ಫೋನುಗಳೂ ಬರುತ್ತವೆ. ತೀರ್ಪುಗಾರರು ಕಥಾ ಕಮ್ಮಟ ನಡೆಸುವವರಾಗಿದ್ದರೆ ಅವರ ಶಿಬಿರಾರ್ಥಿಗಳೂ ಸ್ಪರ್ಧೆಗೆ ಬರಬಹುದು. ಇದನ್ನು ಪರಿಚಯದಲ್ಲಿ ಮುಚ್ಚಿಡಬೇಡಿ, ಅಲ್ಲೇ ವಿವರಿಸಲೂ ಹೋಗಬೇಡಿ. ನಿಯಮಗಳ ಪಟ್ಟಿಯಲ್ಲಿ ಒಂದು ಸಾಲು ಹಾಕಿ: "ಕಥೆಗಳನ್ನು ಹೆಸರು ತೆಗೆದು, ಸಂಖ್ಯೆ ಕೊಟ್ಟು ತೀರ್ಪುಗಾರರಿಗೆ ಕಳಿಸಲಾಗುವುದು." ಹಾಗೆ ಬರೆದ ಮೇಲೆ ಹಾಗೇ ಮಾಡಬೇಕು. ಫೈಲಿನ ಹೆಸರಿನಲ್ಲೇ ಬರೆದವರ ಹೆಸರು ಉಳಿದಿರುತ್ತದೆ, ಅದನ್ನೂ ಬದಲಾಯಿಸಿ.

ಅಚ್ಚಿಗೆ ಹೋಗುವ ಮುಂಚೆ

ಪೂರ್ತಿ ಪ್ರಕಟಣೆಯನ್ನು ಓದಿ ಅಂತ ಕಳಿಸಿದರೆ ಯಾರೂ ಓದುವುದಿಲ್ಲ. ಅವರ ಮೂರು ಸಾಲನ್ನು ಮಾತ್ರ ಕಳಿಸಿ, "ಸಾಲು, ಇಸವಿ, ಪುಸ್ತಕದ ಹೆಸರು ಸರಿ ಇದೆಯಾ, ನಾಳೆ ಸಂಜೆಯೊಳಗೆ ಹೇಳ್ತೀರಾ" ಅಂತ ಕೇಳಿ. ಉತ್ತರ ಬರದಿದ್ದರೆ ಒಪ್ಪಿಗೆ ಅಂದುಕೊಳ್ಳಬೇಡಿ, ಫೋನ್ ಮಾಡಿ ಓದಿ ಹೇಳಿ. ಕಿವಿಗೆ ಬಿದ್ದಾಗ ಅವರು ಕಣ್ಣಿಗೆ ಕಾಣದ ತಪ್ಪನ್ನೂ ಹಿಡಿಯುತ್ತಾರೆ.

ಆಮೇಲೆ ಡಿಟಿಪಿಯಲ್ಲಿ ಇನ್ನೊಂದು ಅಪಾಯ ಇದೆ. ನೀವು ಮೊಬೈಲಿನಲ್ಲಿ ಟೈಪ್ ಮಾಡಿದ್ದು ಯುನಿಕೋಡ್. ಎಷ್ಟೋ ಅಂಗಡಿಗಳಲ್ಲಿ ಈಗಲೂ ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲೇ ಪೋಸ್ಟರ್ ಮಾಡುತ್ತಾರೆ. ಹಾಗಾಗಿ ನಿಮ್ಮ ಸಾಲುಗಳನ್ನು ಪರಿವರ್ತಕದಲ್ಲಿ ಹಾಕಿ ತೆಗೆಯುತ್ತಾರೆ. ಆ ಆಸ್ಕಿ ಪಠ್ಯವನ್ನು ವಾಟ್ಸಾಪಿಗೆ ಅಂಟಿಸಿದರೆ "ಕರ್ನಾಟಕ" ಅನ್ನುವುದು ಹೀಗೆ ಕಾಣುತ್ತದೆ:

```
PÀ£ÁðlPÀ
```

ಇದು ಕಣ್ಣಿಗೆ ಹೊಡೆಯುತ್ತದೆ, ಹಿಡಿಯುವುದು ಸುಲಭ. ಹಿಡಿಯಲು ಕಷ್ಟವಾದದ್ದು ಅರ್ಕಾವತ್ತು ಮತ್ತು ಒತ್ತಕ್ಷರಗಳ ತಪ್ಪು. ಪರಿವರ್ತನೆಯಲ್ಲಿ ಅರ್ಕಾವತ್ತು ಬಿದ್ದುಹೋಗಬಹುದು, ಪಕ್ಕದ ಅಕ್ಷರಕ್ಕೆ ಹಾರಬಹುದು. ಕೀರ್ತಿ, ಪಾರ್ವತಿ, ಮೂರ್ತಿ, ಹೆಗ್ಡೆ, ಕೃಷ್ಣ ಇಂಥ ಹೆಸರುಗಳಿದ್ದರೆ ಪೋಸ್ಟರಿನ ಪ್ರೂಫನ್ನು ದೊಡ್ಡದು ಮಾಡಿ ಅಕ್ಷರ ಅಕ್ಷರ ಬೆರಳಿಟ್ಟು ನೋಡಿ. ನಾನು ಹೆಸರನ್ನು ಹಿಂದಿನಿಂದ ಮುಂದಕ್ಕೆ ಓದುತ್ತೇನೆ. ಹಾಗೆ ಓದಿದಾಗ ಕಣ್ಣು ಗೊತ್ತಿರುವ ಹೆಸರನ್ನು ಊಹಿಸಿಕೊಂಡು ಜಾರುವುದಿಲ್ಲ.

ಪ್ರೂಫಿನಲ್ಲಿ ಎಲ್ಲಾ ಸರಿ ಇದ್ದರೆ ಅದರ ಚಿತ್ರವನ್ನು ತೀರ್ಪುಗಾರರಿಗೆ ಇನ್ನೊಮ್ಮೆ ಕಳಿಸಿ, ಆಮೇಲೆ ಅಚ್ಚಿಗೆ ಕೊಡಿ. ಪರಿಚಯದ ಯುನಿಕೋಡ್ ಪ್ರತಿಯನ್ನು ದಿನಾಂಕ ಹಾಕಿ ಇಟ್ಟುಕೊಳ್ಳಿ. ಮುಂದಿನ ವರ್ಷ ಅವರೇ ಮತ್ತೆ ಒಪ್ಪಿಕೊಂಡರೆ ಅದನ್ನೇ ತೆಗೆದು ಹಾಕುವ ಮೊದಲು ಒಂದು ಫೋನ್ ಮಾಡಿ, ಅಷ್ಟರಲ್ಲಿ ಅವರ ಐದನೆಯ ಸಂಕಲನ ಬಂದಿರಬಹುದು.